ಬೀಗರು ಕೇಳಿದ ಆರು ಅಂಕಿ

ಶಹಾಪುರದ ನಮ್ಮ ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ನಾನೇ ಒಂದು ಚೀಟಿ ಅಂಟಿಸಿದ್ದೆ: 'ಫೋನಿಗೆ ಬಂದ ಕೋಡ್ ಮಂದಿಗೆ ಹೇಳಬ್ಯಾಡ್ರಿ.' ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಆದ್ದರಿಂದ ನಮ್ಮ ಮಾತಿನಲ್ಲೇ ದೊಡ್ಡಕ್ಷರದಲ್ಲಿ ಬರೆದಿದ್ದೆ. ಬರೆದು ಬಹಳ ಹೆಮ್ಮೆಪಟ್ಟಿದ್ದೆ. ಆ ಜಾಣತನಕ್ಕಿಷ್ಟು ಬೆಂಕಿ ಬೀಳಲಿ.

ಅಂದು ನಾನು ಯಾದಗಿರಿಗೆ ಮಾಲು ತರಲು ಹೋಗಿದ್ದೆ. ಸುರಪುರದ ಬೀಗರ, ಅಂದರೆ ನನ್ನ ತಂಗಿಯ ಮಾವನವರ, ನಂಬರಿನಿಂದ ಅಪ್ಪನಿಗೆ ಮೆಸೇಜ್ ಬಂತು: 'ಬೀಗರೇ, ನನ್ನ ಕೋಡ್ ತಪ್ಪಿ ನಿಮ್ಮ ಫೋನಿಗೆ ಬಂದದ, ಲಗೂನ ಕಳಸ್ರಿ.' ಬೀಗರ ಮೆಸೇಜ್ ಆ್ಯಪ್ ಆಗಲೇ ಕಳ್ಳನ ಕೈಸೇರಿತ್ತು, ಅದು ಅವರಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಪ್ಪನ ಫೋನಿಗೆ ಆರು ಅಂಕಿ ಬಂದವು. ಅವು ಅಪ್ಪನ ಆ್ಯಪಿನ ಕೀಲಿಯೇ. ಯಾರಿಗೂ ಕೊಡಬೇಡಿ ಎಂದು ಜೊತೆಗೇ ಬರೆದಿತ್ತು, ಇಂಗ್ಲಿಷಿನಲ್ಲಿ. ಅಪ್ಪ ಒಂದೊಂದೇ ಅಂಕಿ ಒತ್ತಿ ಕಳಿಸಿಬಿಟ್ಟರು.

ಅಪ್ಪನ ಆ್ಯಪ್ ಅಲ್ಲಿಗೇ ಬಂದ್ ಆಯಿತು. ಅಪ್ಪನ ಹೆಸರಿನಲ್ಲಿ ಪರಿಚಯದವರಿಗೆಲ್ಲ 'ದವಾಖಾನ್ಯಾಗ ಅದೀನಿ, ರೊಕ್ಕ ಹಾಕ್ರಿ' ಎಂದು ಮೆಸೇಜ್ ಹೋಯಿತು. ಅಂದು ಪರವೂರಿಗೆ ಹೋಗಿದ್ದ ಪಕ್ಕದಂಗಡಿಯ ದರ್ಜಿ ಚಾಚಾ ಹಿಂದೆಮುಂದೆ ನೋಡದೆ ದುಡ್ಡು ಹಾಕಿದರು.

ನಾನು ಬಂದವನೇ ಕೂಗಾಡಿದೆ. "ಗ್ವಾಡಿ ಮ್ಯಾಲ ಬರದು ಹಚ್ಚೀನಲ್ರಿ! ಓದಲಿಲ್ಲೇನು?"

"ಓದೀನಿ. ಮಂದಿಗೆ ಹೇಳಬ್ಯಾಡ ಅಂತ ಬರದೀ. ಬೀಗರು ಮಂದಿ ಏನೋ? ನಮ್ಮ ಮಗಳು ಅವರ ಮನ್ಯಾಗ ಅದಾಳ. ಅವರ ಮಾತು ಹ್ಯಾಂಗ ತೆಗದು ಹಾಕಲಿ?"

ಮಂದಿ ಅಂದರೆ ಹೊರಗಿನವರು ಅಂತಲೇ ಅಪ್ಪ ಓದಿಕೊಂಡಿದ್ದರು. ತಪ್ಪು ನನ್ನದೇ.

ಅಪ್ಪನ ಫೋನಿನ ಆ್ಯಪಿನಲ್ಲಿ ಅಪ್ಪನ ನಂಬರನ್ನೇ ಮತ್ತೆ ಹಾಕಿದೆ. ಹೊಸ ಕೋಡ್ ಬಂತು, ಒತ್ತಿದೊಡನೆ ಕಳ್ಳ ಹೊರಬಿದ್ದ. ಆದರೆ ಅವನು ತನ್ನದೇ ಪಿನ್ ಇಟ್ಟುಹೋಗಿದ್ದ, ಅದು ಗೊತ್ತಿಲ್ಲದೆ ಆ್ಯಪ್ ತೆರೆಯಲು ಏಳು ದಿನ ಕಾಯಬೇಕಾಯಿತು. ಪೊಲೀಸರಿಗೆ ದೂರು ಕೊಟ್ಟೆವು. ಚಾಚಾ ಬೇಡಬೇಡವೆಂದರೂ ಅಪ್ಪ ಅವರ ದುಡ್ಡು ಮುಟ್ಟಿಸಿದರು. ಎಂಟನೆಯ ದಿನ ನಮ್ಮದೇ ಪಿನ್ ಇಟ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ ಹೊಸ ಚೀಟಿಯನ್ನೂ ಬರೆದೆ: 'ನಾವು ಏನೂ ಮಾಡದೆ ಕೋಡ್ ಬಂದರೆ ಏನೂ ಒತ್ತಬ್ಯಾಡ್ರಿ. ಮಗಳು, ಮಗ, ಬೀಗರು, ಯಾರು ಕೇಳಿದರೂ ಹೇಳಬ್ಯಾಡ್ರಿ. ಮೆಸೇಜ್ ನಂಬಬ್ಯಾಡ್ರಿ, ಫೋನ್ ಹಚ್ಚಿ ದನಿ ಕೇಳ್ರಿ.'

ಅಪ್ಪ ಅದನ್ನು ಬಾಯಿಪಾಠ ಮಾಡಿದರು. ಒಳ್ಳೆಯದೇ ಆಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ತಂಗಿಯ ಮೆಸೇಜ್ ಬಂತು: 'ಅಪ್ಪಾ, ನಾಷ್ಟಾ ಆತೇನು?' ಉತ್ತರ ಬರೆಯಲು ಹೋದ ಅಪ್ಪನ ಬೆರಳು ನಿಂತಿತು. ಫೋನನ್ನು ನನ್ನತ್ತ ಚಾಚಿದರು.

"ನೋಡಪಾ, ಇದು ನಮ್ಮ ಮಗಳೇ ಏನು?"