ಬಜೆಟ್ ದಿನ ಪ್ರಮಿಳಾ ನಿಲ್ಲಿಸಿದ ಬಿಲ್ಲು

ನಮ್ಮ ನೆಗೆಣ್ಣಿ ಪ್ರಮಿಳಾ ಬೆಳಗಾವ್ಯಾಗ ನಮ್ಮ ಬಂಗಾರದ ಅಂಗಡಿ ನಡಸ್ತಾಳ. ಬಿಲ್ಲು ಬರಿಯೂದು ನಂದು. ರೊಕ್ಕ ಹಿಡಕೊಂಡು ನಿಂತ ಗಿರಾಕಿಗೆ ಇವತ್ತ ಬ್ಯಾಡ ಅನ್ನಾಕಿ ಇಡೀ ಬಜಾರದಾಗ ಆಕಿ ಒಬ್ಬಾಕಿನ. ಅವತ್ತ ನನಗ ಮೈಯೆಲ್ಲಾ ಉರದಿತ್ತು, ಸುಳ್ಳ ಯಾಕ ಹೇಳ್ಲಿ.

ಎರಡು ಸಾವಿರದ ಇಪ್ಪತ್ನಾಕರ ಜುಲೈ ಬಜೆಟ್. ಆಷಾಢ ಬ್ಯಾರೆ, ಅಂಗಡಿ ಭಣಭಣ ಅಂತಿತ್ತು. ಗುಂಜಿ ಅನ್ನೂ ಹಳ್ಳಿಯಿಂದ ಭರಮವ್ವ ಅನ್ನಾಕಿ ಬಂದ್ಲು. ಮಗಳ ಲಗ್ನ ದೀಪಾವಳಿ ಆದಮ್ಯಾಲ. ಆದ್ರ ಬಜೆಟ್ಟಿನಾಗ ಬಂಗಾರದ ಆಮದು ಸುಂಕ ಏರತೈತಿ ಅಂತ ಯಾರೋ ಹೆದರಿಸಿದ್ರಂತ. ನಾಕು ತೊಲಿ ಸರಕ್ಕ ಆಗೂವಷ್ಟ ರೊಕ್ಕ ತಂದಿದ್ಲು. ಮಗಳಿಗೆ ಜುಮಕಿ ಮ್ಯಾಲೂ ಆಸೆ ಇತ್ತು, ಅದಕ್ಕ ಸಾಲತಿದ್ದಿಲ್ಲ.

ಬಿಲ್ಲು ಅರ್ಧ ಬರದಿದ್ದೆ. ಟೀವಿಯಾಗ ಬಂಗಾರದ ಸುಂಕ ಆರು ಪರ್ಸೆಂಟಿಗೆ ಇಳಿಸ್ಯಾರ ಅಂತ ಬಂತು.

"ಅಕ್ಕಾ, ಬಿಲ್ಲು ನಿಲ್ಲಸ್ರಿ" ಅಂದ್ಲು ಪ್ರಮಿಳಾ.

ಆಕಿನ್ನ ಒಳಗ ಕರದು ಬೈದೆ. ನಮ್ಮ ಮಾಲು ಹದಿನೈದು ಪರ್ಸೆಂಟ್ ಸುಂಕದ್ದು, ಅದು ಮುಗಿಯೂತನಾ ಹಳೇ ರೇಟು, ಹಳೇ ಭಾವನ ನಡೀಲಿ ಅಂದೆ. ಅದಕ್ಕ ಪ್ರಮಿಳಾ, ನಾವು ಎಷ್ಟಕ್ಕ ತಂದ್ವಿ ಅಂತ ಬಜಾರ ಕೇಳೂದಿಲ್ಲ, ಹೊಸಾ ಸುಂಕ ಇವತ್ತ ಮಧ್ಯರಾತ್ರಿಯಿಂದನ, ನಾಳೆ ಸೋವಿ ಬಂಗಾರ ಬರತೈತಿ ಅಂದಮ್ಯಾಲ ಇವತ್ತ ತುಟ್ಟಿ ಯಾರ ಒಯ್ತಾರ ಅಂದ್ಲು. ಬಜೆಟ್ ಹತ್ರ ಬಂದಾಗಿಂದ ಆಕಿ ಬಂಗಾರದ ಗಟ್ಟಿ ತರಸೂದ ಬಿಟ್ಟಿದ್ಲು, ಅದಕ್ಕ ನಮಗ ಪೆಟ್ಟು ಸಣ್ಣದು.

ಹಂಗಾರ ನೂರಕ್ಕ ಒಂಬತ್ತು ಇಳಿತೈತೇನು ಅಂದೆ. ಅದೂ ಅಲ್ಲ ಅಂದ್ಲು. ನೂರರ ಮಾಲು ಸುಂಕ ಕೂಡಿ ನೂರಾ ಹದಿನೈದು ಇದ್ದದ್ದು ನೂರಾ ಆರು ಆಗತೈತಿ. ನೂರಾ ಹದಿನೈದರಾಗ ಒಂಬತ್ತು ಹೋದ್ರ ನೂರಕ್ಕ ಎಂಟೂ ತುಂಬೂದಿಲ್ಲ. ಅದೂ ಹೊರದೇಶದ ಭಾವ, ಡಾಲರ್ ಅಲುಗದಿದ್ರ. ಇಷ್ಟೂ ಒಂದ ದಿನಕ್ಕ ಇಳಿಯೂದಿಲ್ಲ, ಎರಡು ದಿನ ಕಾಯೂಣು ಅಂದ್ಲು.

ಹೊರಗ ಬಂದು ಎರಡು ದಿನ ತಡೀರಿ ಅಂದದ್ದಕ್ಕ ಭರಮವ್ವನ ಮುಖ ಸಣ್ಣದಾತು. ಹ್ವಾದ ವರ್ಷ ಹಿಂಗ ಕಾಯ್ಕೋತ ಕುಂತು ಭಾವ ಏರಿಸ್ಕೊಂಡಾಕಿ. ಈ ಸಲ ಸರನೂ ಕೈತಪ್ಪಿದ್ರ ಗತಿ ಏನು ಅಂತ ಚೀಲ ಎದಿಗೆ ಅವಚಿಕೊಂಡ್ಲು.

"ಭಾವ ಏರಿದ್ರ ಇವತ್ತಿನ ಮುಂಜಾನಿ ಭಾವಕ್ಕ ಕೊಡ್ತೀನ್ರಿ. ಇಳಿದ್ರ ಇಳಿದ ಭಾವಕ್ಕ ಒಯ್ರಿ. ಗುರುವಾರ ಬರ್ರಿ" ಅಂದ್ಲು ಪ್ರಮಿಳಾ.

ಅಂಗಡಿ ಮುಳಗಸ್ತಾಳ ಈಕಿ ಅಂತ ನಾ ಹಲ್ಲು ಕಡಕೊಂಡೆ. ಮಧ್ಯಾಹ್ನ ನಮಗ ಮಾಲು ಕೊಡೂ ಠೋಕ್ ವ್ಯಾಪಾರಿಗಳಿಗೆ ಫೋನ್ ಹಚ್ಚಿದ್ರ ಯಾರೂ ಭಾವ ಹೇಳವಲ್ಲರು. ಸಂಜಿಮುಂದ ಹೇಳಿದ್ರು, ಧಡಕ್ಕನ ಇಳದಿತ್ತು. ಭಾವದ ಬೋರ್ಡ್ ನಾನ ಒರಸಿ ಬರದೆ. ಗುರುವಾರ ಹೊರಗಿನ ಭಾವನೂ ಬಿದ್ದು ಮತ್ತಷ್ಟ ಇಳೀತು. ಬಾಜು ಅಂಗಡ್ಯಾವ್ರು ತುಂಬಿಸಿಟ್ಟ ಮಾಲು ನೋಡ್ಕೋತ ತಲಿಮ್ಯಾಲ ಕೈ ಹೊತ್ತು ಕುಂತಿದ್ರು. ನಮ್ಮ ಪ್ರಮಿಳಾ ಚಹಾ ಕುಡಿಯಾಕ ಹತ್ತಿದ್ಲು. ಖರೇ ಹೇಳ್ತೀನಿ, ನನಗ ಹೆಮ್ಮಿ ತಡಿಯಾಕ ಆಗಲಿಲ್ಲ.

ಭರಮವ್ವ ಬಂದ್ಲು. ಸರ ತೂಗಿ ಬಿಲ್ಲು ಮಾಡಿದ್ವಿ, ರೊಕ್ಕ ಉಳೀತು. ಉಳದದ್ದರಾಗ ಎರಡು ಗ್ರಾಮಿನ ಸಣ್ಣ ಜುಮಕಿ ಬಂದ್ವು. ಅವನ್ನ ಅಂಗೈಮ್ಯಾಲ ಇಟ್ಕೊಂಡು ನಕ್ಕೋತ ಆಕಿ ನನ್ನ ಕಡೆ ತಿರುಗಿದ್ಲು.

"ಅವತ್ತ ನೀವು ಬಿಲ್ಲು ಮುಗಿಸಿದ್ರ ಇವು ನನ್ನ ಮಗಳ ಕಿವಿಗೆ ಬರ್ತಿದ್ದಿಲ್ರಿ, ಅಕ್ಕಾ."