ಏನನ್ನೂ ಕೇಳದ ಅಭಿನಂದನೆ

ಪಂಪು ತಯಾರಿಸುವ ಆ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ‘ಅಳತೆ ಮೇಡಂ’ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಉಗ್ರಾಣದ ಬಾಗಿಲಲ್ಲಿ ಕುಳಿತು, ಬಂದ ಮಾಲನ್ನೆಲ್ಲ ಅಳೆದು ಒಳಗೆ ಬಿಟ್ಟವರು. ಎದುರಿಗಿರುವವರ ನಗುವನ್ನೂ ಅಷ್ಟು ಸುಲಭವಾಗಿ ಒಳಗೆ ಬಿಡುತ್ತಿರಲಿಲ್ಲ.

ಖರೀದಿ ವಿಭಾಗದ ಮುಖ್ಯಸ್ಥೆಯಾದ ವಾರದಲ್ಲಿ ಅವರ ಫೋನಿಗೆ ಬಿಡುವೇ ಇರಲಿಲ್ಲ. ‘ಅಭಿನಂದನೆಗಳು ಮೇಡಂ, ನಮ್ಮ ಹೊಸ ದರಪಟ್ಟಿ ಜೊತೆಗಿದೆ.’ ‘ತುಂಬಾ ಸಂತೋಷ, ಹತ್ತು ನಿಮಿಷ ಸಮಯ ಕೊಡ್ತೀರಾ?’ ಬೆಲ್ಲ ಇದ್ದಲ್ಲಿ ಇರುವೆ ಎಂದುಕೊಂಡು ಆಕೆ ಎಲ್ಲಕ್ಕೂ ಒಂದೇ ಸಾಲಿನ ಧನ್ಯವಾದ ಬರೆದರು.

ಒಂದು ಸಂದೇಶ ಮಾತ್ರ ಬೇರೆ ಥರ ಇತ್ತು. ಬರೆದವನು ಹಿಂದೆ ರಬ್ಬರ್ ಸಾಮಾನು ಮಾರುತ್ತಿದ್ದ ಏಜೆಂಟ್.

‘ಮೇಡಂ, ನೀವು ಖರೀದಿ ಮುಖ್ಯಸ್ಥರಾದ ಸುದ್ದಿ ಇವತ್ತು ನೋಡಿದೆ. ಅಭಿನಂದನೆ. ಆರು ವರ್ಷದ ಹಿಂದೆ ನನ್ನ ಮಾಲಿನ ಇಡೀ ಲಾಟ್ ವಾಪಸ್ ಕಳಿಸಿದಾಗ, ನನ್ನನ್ನ ಪಕ್ಕದಲ್ಲಿ ನಿಲ್ಲಿಸಿಕೊಂಡು ಎಲ್ಲಿ ತಪ್ಪಿದೆ ಅಂತ ತೋರಿಸಿದ್ರಿ. ಬೇರೆ ಯಾರೂ ಹಾಗೆ ತೋರಿಸಿರಲಿಲ್ಲ. ಸರಿಯಾದವರಿಗೇ ಈ ಕೆಲಸ ಸಿಕ್ಕಿದೆ.’

ಅಷ್ಟೇ. ಕೆಳಗೆ ಕಂಪನಿಯ ಹೆಸರಿಲ್ಲ, ‘ಒಮ್ಮೆ ಭೇಟಿಯಾಗೋಣ’ ಎಂಬುದೂ ಇಲ್ಲ. ಆಕೆಗೆ ಅನುಮಾನ ಹುಟ್ಟಿದ್ದೇ ಅಲ್ಲಿ.

ಗಂಡ ಟೈಲರ್. ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದವರು ಸಂದೇಶ ಓದಿ, “ಚೆನ್ನಾಗಿ ಬರೆದಿದಾನಲ್ಲೇ,” ಎಂದರು.

“ಅದೇ ನನ್ನ ತಲೆ ತಿಂತಿರೋದು. ಮಾಲು ವಾಪಸ್ ಕಳಿಸಿದವರನ್ನ ಯಾರಾದ್ರೂ ಹೊಗಳ್ತಾರಾ? ಮುಂದಿನ ಮೆಸೇಜಲ್ಲಿ ಕೇಳ್ತಾನೆ ನೋಡಿ.”

ಮೂರು ದಿನ ಕಾದರು. ಏನೂ ಬರಲಿಲ್ಲ. ತಡೆಯಲಾರದೆ ತಾವೇ ಬರೆದರು: ‘ಧನ್ಯವಾದ. ಏನಾದ್ರೂ ಕೆಲಸ ಇತ್ತಾ? ಈಗ ಯಾವ ಕಂಪನಿ?’

‘ಏನೂ ಇಲ್ಲ ಮೇಡಂ, ಖುಷಿಯಾಯ್ತು, ಬರೆದೆ. ಮಾರೋದು ಬಿಟ್ಟೆ. ಈಗ ರಬ್ಬರ್ ಪರೀಕ್ಷೆ ಮಾಡೋ ಪ್ರಯೋಗಾಲಯದಲ್ಲಿ ಇದೀನಿ. ಹೊಸ ಸೀಟು ಹೇಗಿದೆ?’

ಪ್ರಯೋಗಾಲಯ! ಹಾಗಾದರೆ ಪರೀಕ್ಷೆಯ ಗುತ್ತಿಗೆ ಬೇಕಿರಬೇಕು. ಆಕೆ ಅವನ ಹಳೆಯ ಕಂಪನಿಗೆ ಫೋನ್ ಮಾಡಿ ವಿಚಾರಿಸಿದರು. ಅವನು ಬಿಟ್ಟು ನಾಲ್ಕು ವರ್ಷವಾಗಿತ್ತು. ಪ್ರಯೋಗಾಲಯದ ಬಗ್ಗೆಯೂ ವಿಚಾರಿಸಿದರು. ಅದು ಟೈರು ಕಂಪನಿಯೊಂದರ ಸ್ವಂತದ್ದು, ಹೊರಗಿನ ಕೆಲಸ ತೆಗೆದುಕೊಳ್ಳುತ್ತಲೇ ಇರಲಿಲ್ಲ. ಅನುಮಾನಕ್ಕೆ ಕಾಲೂರಲು ಜಾಗ ಸಿಗಲಿಲ್ಲ. ಹಾಗಂತ ಅದು ಹೋಗಲೂ ಇಲ್ಲ. ‘ಕೆಲಸ ಜಾಸ್ತಿ’ ಎಂದಷ್ಟೇ ಉತ್ತರಿಸಿದರು. ಆಮೇಲೆ ಆಗೊಮ್ಮೆ ಈಗೊಮ್ಮೆ ಒಂದೆರಡು ಸಾಲಿನ ಮಾತು ನಡೆಯಿತು.

ಎರಡು ತಿಂಗಳಾದ ಮೇಲೆ ಕಾರ್ಖಾನೆಯಲ್ಲಿ ಗಲಾಟೆ ಶುರುವಾಯಿತು. ಹೊಸ ಪಂಪುಗಳು ವಾರದೊಳಗೆ ಸೋರುತ್ತಿದ್ದವು. ಬಿಚ್ಚಿದರೆ, ಸೋರಿಕೆ ತಡೆಯಲು ಒಳಗೆ ಹಾಕಿದ್ದ ರಬ್ಬರ್ ಉಂಗುರಗಳು ಹಿಗ್ಗಿದ್ದವು. ಉಗ್ರಾಣದಲ್ಲಿ ಉಳಿದ ಅದೇ ಲಾಟಿನ ಉಂಗುರಗಳನ್ನು ಆಕೆಯೇ ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಸರಬರಾಜುದಾರ, “ಅಳತೆ ಸರಿ ಇದೆಯಲ್ಲ ಮೇಡಂ, ನಿಮ್ಮ ಜೋಡಣೆ ನೋಡ್ಕೊಳ್ಳಿ,” ಎಂದು ಕೈ ತೊಳೆದುಕೊಂಡ.

ಆಕೆ ಮೊದಲ ಬಾರಿಗೆ ಹಳೆಯ ಏಜೆಂಟನಿಗೆ ಫೋನ್ ಮಾಡಿದರು. ಅವನು ಪೂರ್ತಿ ಕೇಳಿಸಿಕೊಂಡ.

“ಅಳತೆಯಲ್ಲಿ ಇದು ಸಿಕ್ಕಿಬೀಳಲ್ಲ ಮೇಡಂ. ರಬ್ಬರೇ ಬೇರೆ ಇರಬಹುದು. ಹಳೇ ಲಾಟಿನ ಕೆಲವು, ಹೊಸದರ ಕೆಲವು ಅಳೆದು ಬರ್ಕೊಳ್ಳಿ. ಪಂಪು ಎಷ್ಟು ಬಿಸಿಯಾಗುತ್ತೋ ಅಷ್ಟೇ ಬಿಸಿ ನೀರಲ್ಲಿ ಮೂರು ದಿನ ಇಟ್ಟು, ಮತ್ತೆ ಅಳೀರಿ.”

“ಇದಕ್ಕೆ ನಿಮಗೇನು ಬೇಕು?” ಬಾಯಿಂದ ಬಂದೇ ಬಿಟ್ಟಿತು.

“ಏನೂ ಬೇಡ,” ಎಂದ ಅವನು. “ಒಂದು ವಿಷಯ ಹೇಳಬೇಕಿತ್ತು ಮೇಡಂ. ಆವತ್ತು ನೀವು ವಾಪಸ್ ಕಳಿಸಿದ್ರಲ್ಲ, ಅದು ತಪ್ಪು ಮಾಲು ಅಂತ ನನಗೆ ಮೊದಲೇ ಗೊತ್ತಿತ್ತು. ಸಾಗಿಹೋಗುತ್ತೆ ಅಂತ ತಂದಿದ್ದೆ. ನೀವು ಬೈಲಿಲ್ಲ, ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದ್ರಿ. ನಾಚಿಕೆಯಾಯ್ತು. ಆಮೇಲೆ ಮಾರೋ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ.”

ಅವನಲ್ಲಿ ಏನೋ ಕಪಟವಿದೆ ಎಂಬ ಆಕೆಯ ಅನುಮಾನ ಆರು ವರ್ಷ ತಡವಾಗಿ ನಿಜವಾಗಿತ್ತು.

ಮೂರನೆಯ ದಿನ ಹಳೆಯ ಉಂಗುರಗಳು ಇದ್ದಂತೆಯೇ ಇದ್ದವು, ಹೊಸವು ಉಬ್ಬಿದ್ದವು. ಎರಡನ್ನೂ ಮೇಜಿನ ಮೇಲಿಟ್ಟಾಗ ಸರಬರಾಜುದಾರ ಅಗ್ಗದ ರಬ್ಬರ್ ಬಳಸಿದ್ದನ್ನು ಒಪ್ಪಿಕೊಂಡು ಲಾಟ್ ವಾಪಸ್ ಒಯ್ದ.

“ಈಗಾದ್ರೂ ಅವನನ್ನ ನಂಬ್ತೀಯಾ?” ಗಂಡ ಕೇಳಿದರು.

“ಅರ್ಧ,” ಎಂದರು ಆಕೆ. ಆಮೇಲೆ, ಅವನು ಕೇಳದಿದ್ದರೂ, ಅವನ ನಂಬರಿಗೆ ಫೋನ್ ಹಚ್ಚಿ, ಪರೀಕ್ಷೆಯ ಫಲಿತಾಂಶವನ್ನು ಒಂದೊಂದಾಗಿ ಓದಿ ಹೇಳಿದರು.