ಒತ್ತಕ್ಷರಕ್ಕೆ ಬಿಟ್ಟ ಜಾಗ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷಗಳು. ನಾನು ಮದುವೆಯಾಗಿ ಸಿರಾದಿಂದ ಮಧುಗಿರಿಗೆ ಬಂದಾಗ ನಮ್ಮ ಯಜಮಾನರಿಗೆ ಪೇಟೆಯಲ್ಲಿ ಒಂದು ಸಣ್ಣ ಪ್ರೆಸ್ಸಿತ್ತು. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಮಷಿನ್, ಗೋಡೆಗೆ ಒರಗಿಸಿದ ಅಕ್ಷರದ ಖಾನೆಗಳು, ಕತ್ತರಿಸಿದ ಕಾಗದದ ರಾಶಿ. ಲಗ್ನಪತ್ರಿಕೆ, ಅಂಗಡಿ ಬಿಲ್ಲು, ತಿಥಿ ಕಾರ್ಡು, ಇವೇ ಕೆಲಸ. ಮಷಿನ್ ಅವರು ತುಳಿಯುತ್ತಿದ್ದರು. ಮೊಳೆ ಜೋಡಿಸುವುದನ್ನು ನನಗೆ ಕಲಿಸಿಕೊಟ್ಟರು. ಸೀಸದ ಅಕ್ಷರಗಳನ್ನು ನಾವು ಮೊಳೆ ಅಂತಲೇ ಕರೆಯುತ್ತಿದ್ದೆವು. ಅಕ್ಷರವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗಾಗಿ ಓದುವುದು ಒಂದು ಮಳೆಗಾಲದೊಳಗೆ ನನಗೆ ರೂಢಿಯಾಯಿತು.

ಮನೆಯಲ್ಲಿ ಅತ್ತೆ ಇದ್ದರು, ಮೈದುನ ಇದ್ದ. ಮೈದುನ ಓದಿ ಮುಗಿಸಿ ಪಾವಗಡದ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದ. ಹೈಸ್ಕೂಲಿನಲ್ಲಿದ್ದಾಗಲೇ ಅವನು ತನ್ನ ತಾಯಿಗೆ ಅಕ್ಷರ ಕಲಿಸಿದ್ದನಂತೆ. ಒಲೆ ಮುಂದೆ ಕೂತು ಇದ್ದಿಲಲ್ಲಿ ನೆಲದ ಮೇಲೆ ಬರೆದು ತೋರಿಸುತ್ತಿದ್ದನಂತೆ. ನಾನು ಬರುವಷ್ಟರಲ್ಲಿ ಅತ್ತೆ ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಪಂಚಾಂಗ ಎಲ್ಲವನ್ನೂ ಬೆರಳಿಟ್ಟು ಜೋರಾಗಿ ಓದುತ್ತಿದ್ದರು. ಮನಸ್ಸಿನಲ್ಲೇ ಓದಿಕೊಳ್ಳುವುದು ಅವರಿಗೆ ಒಗ್ಗಲೇ ಇಲ್ಲ.

ಮೈದುನ ಕಾಮಾಲೆಯಾಗಿ ಹೋದ. ಹಳ್ಳಿಯಲ್ಲಿ ಸೊಪ್ಪಿನ ಔಷಧಿ ಕುಡಿಯುತ್ತಾ ಇದ್ದವನು ಮನೆಗೆ ಹೇಳಿ ಕಳಿಸುವ ಹೊತ್ತಿಗೆ ಕಣ್ಣೆಲ್ಲ ಅರಿಶಿನವಾಗಿತ್ತು. ತುಮಕೂರಿಗೆ ಕರೆದುಕೊಂಡು ಹೋದರು. ಹಿಂದಕ್ಕೆ ಕರೆತಂದಾಗ ಅವನಲ್ಲಿ ಉಸಿರಿರಲಿಲ್ಲ. ಅವನ ತಿಥಿ ಕಾರ್ಡಿನ ಮೊಳೆಯನ್ನು ನಾನೇ ಜೋಡಿಸಿದೆ. ಯಜಮಾನರ ಕೈಗೆ ಅದು ಆಗಲಿಲ್ಲ.

ಅವನು ಬಿಟ್ಟುಹೋದದ್ದು ಕಮ್ಮಿ. ಎರಡು ಅಂಗಿ, ಒಂದು ಸೈಕಲ್ಲು, ಅವನು ಓದಿದ ಕಾಲೇಜಿನ ಒಂದು ವಾರ್ಷಿಕ ಸಂಚಿಕೆ. ಅದರಲ್ಲಿ ಅವನ ಬರಹವಿತ್ತು, ಎರಡೇ ಪುಟ. ಅವನು ಚಿಕ್ಕವನಿದ್ದಾಗ ಜ್ವರ ಬಂದು, ಬಸ್ಸು ತಪ್ಪಿ, ಅತ್ತೆ ಅವನನ್ನು ಸೊಂಟದ ಮೇಲೆ ಹೊತ್ತು ಚನ್ನರಾಯನದುರ್ಗದ ಕಡೆಯಿಂದ ಕೊರಟಗೆರೆ ಆಸ್ಪತ್ರೆಯವರೆಗೆ ನಡೆದ ಕಥೆ ಅದು. ಕಾಲೇಜಿನಲ್ಲಿದ್ದಾಗ ಬರೆದಿದ್ದನಾದರೂ ನಾಚಿಕೆಯಿಂದ ತಾಯಿಗೆ ತೋರಿಸಿರಲಿಲ್ಲ.

ಯಜಮಾನರು ಓದಿ ಹೇಳುತ್ತೇನೆ ಅಂದರು. ಅತ್ತೆ ಬೇಡವೆಂದು ಕೈಯಾಡಿಸಿದರು.

"ನೀನು ಓದಿದ್ರೆ ನಿನ್ ದನಿ ಕೇಳ್ತದೆ. ಅವ್ನು ಕಲಿಸಿದ್ದು ನಂಗೆ ಕಣ್ಲಾ. ನಾನೇ ಓದ್ಕಂತೀನಿ, ಬುಡು."

ಸಂಚಿಕೆ ಹಿಡಿದುಕೊಂಡು ಜಗಲಿಗೆ ಹೋದರು. ಮೊದಲ ಸಾಲನ್ನು ದಾಟುವಷ್ಟರಲ್ಲಿ ತಡವರಿಸಿದರು. ಬೆರಳು ಕೆಳಗಿನ ಸಾಲಿಗೆ ಇಳಿಯಿತು, ಮತ್ತೆ ಮೇಲಕ್ಕೆ ಹತ್ತಿತು. ದಿನವೂ ಮಧ್ಯಾಹ್ನ ಇದೇ ಆಯಿತು. ಅವರ ಕಣ್ಣಿನ ತೊಂದರೆ ನಮಗೆ ಗೊತ್ತಾದದ್ದು ಆಗಲೇ. ತುಮಕೂರಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣಿನ ನರ ಒಣಗುತ್ತಿದೆ, ಅಂಚಿನಿಂದ ಕತ್ತಲು ಕವಿಯುತ್ತಾ ಬರುತ್ತದೆ, ಹೋದದ್ದು ವಾಪಸು ಬರುವುದಿಲ್ಲ, ಡ್ರಾಪ್ಸ್ ಹಾಕಿದರೆ ಇನ್ನಷ್ಟು ದಿನ ತಡೆಯಬಹುದು ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಒಂದೇ ಮಾತು ಕೇಳಿದರು.

"ಅಲ್ಲೀಗಂಟ ಆ ಎಲ್ಡು ಪುಟ ಓದಾಕಾಯ್ತದಾ?"

ಭೂತಗನ್ನಡಿ ತಂದುಕೊಟ್ಟೆವು. ಅದರೊಳಗೆ ನಾಲ್ಕಕ್ಷರ ದೊಡ್ಡದಾಗಿ ಕಂಡರೂ ಇಕ್ಕಟ್ಟು ಹಾಗೇ ದೊಡ್ಡದಾಯಿತು. ನಾನು ಪಕ್ಕದಲ್ಲಿ ಕೂತು ಅವರು ಎಲ್ಲಿ ಎಡವುತ್ತಾರೆಂದು ನೋಡಿದೆ. ಕಾಲೇಜಿನವರು ಕಾಗದ ಉಳಿಸಲೆಂದು ಸಣ್ಣ ಅಕ್ಷರದಲ್ಲಿ, ಸಾಲಿಗೆ ಸಾಲು ತಾಗಿಸಿ ಅಚ್ಚು ಹಾಕಿಸಿದ್ದರು. ಮೇಲಿನ ಸಾಲಿನ ಒತ್ತುಗಳು ಇಳಿದು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟುಗಳ ಮೇಲೆ ಕೂತಂತಿದ್ದವು. ಯ ಒತ್ತಿನ ಬಾಲ ಯಾವ ಸಾಲಿನದೆಂದು ಅವರಿಗೆ ತಿಳಿಯುತ್ತಿರಲಿಲ್ಲ.

"ಇದೇನಮ್ಮ ಇಂಗೆ, ಒಬ್ರ ಹೆಗಲ ಮೇಲೊಬ್ರು ಹತ್ತಿ ಕುಂತವ್ರೆ," ಅಂದರು. "ಯಾರ ಕಾಲು ಯಾರ್ದು ಅಂತ ತಿಳೀವಲ್ದು."

ಮತ್ತೆ ಜೋಡಿಸೋಣ ಅಂತ ನಾನೇ ಯಜಮಾನರಿಗೆ ಹೇಳಿದೆ. ದೊಡ್ಡ ಅಕ್ಷರದಲ್ಲಿ ಮಾಡಬೇಕೆಂದು ಇಬ್ಬರಿಗೂ ಆಸೆ. ಆದರೆ ನಮ್ಮಲ್ಲಿದ್ದ ದೊಡ್ಡ ಮೊಳೆಗಳು ಲಗ್ನಪತ್ರಿಕೆಯ ತಲೆಬರಹಕ್ಕೆ ಸಾಕಾಗುವಷ್ಟು ಮಾತ್ರ. ಒಂದು ಪುಟ ತುಂಬಿಸಲು ಅವು ಸಾಲವು. ಇದ್ದದ್ದು ಹನ್ನೆರಡು ಪಾಯಿಂಟಿನ, ಅಂದರೆ ಪುಸ್ತಕದ ಸಾಮಾನ್ಯ ಅಳತೆಯ ಅಕ್ಷರ. ಅದರಲ್ಲೇ ಜಾಗ ಬಿಡಿಸಿ ನೋಡಬೇಕಿತ್ತು.

ಸಾಲುಗಳ ಮಧ್ಯೆ ಅಂತರ ಕೊಡಲು ಲೆಡ್ ಎಂಬ ಸೀಸದ ತೆಳು ಪಟ್ಟಿ ಇಡುತ್ತಾರೆ. ಎರಡು ಪಾಯಿಂಟ್ ದಪ್ಪದ ಒಂದೊಂದು ಪಟ್ಟಿ ಇಟ್ಟು ಮೊದಲ ಪ್ರೂಫ್ ತೆಗೆದೆ. ಅತ್ತೆ ಓದುತ್ತಾ ಸ್ವಲ್ಪ ಮುಂದೆ ಹೋದರು, ನಿಂತರು. ಎರಡೆರಡು ಪಟ್ಟಿ ಇಟ್ಟೆ. ಈಗ ಮೇಲಿನ ಒತ್ತು ಕೆಳಗಿನ ಅಕ್ಷರವನ್ನು ಬಿಟ್ಟು ದೂರ ನಿಂತಿತು. ಸಾಲು ಸರಿಯಾಗಿ ಸಿಕ್ಕಿತು. ಉತ್ಸಾಹದಲ್ಲಿ ನಾಲ್ಕು ಪಟ್ಟಿ ಇಟ್ಟು ನೋಡಿದರೆ ಅದೂ ಕೆಟ್ಟಿತು. ಒಂದು ಸಾಲು ಮುಗಿಸಿ ಮುಂದಿನದಕ್ಕೆ ಬರುವಾಗ ಬೆರಳು ಬಯಲಲ್ಲಿ ದಾರಿ ತಪ್ಪಿದಂತೆ ಅಲೆಯುತ್ತಿತ್ತು. ಮತ್ತೆ ಎರಡಕ್ಕೇ ಬಂದೆವು. ಸಾಲನ್ನೂ ಗಿಡ್ಡ ಮಾಡಿದೆವು.

ಆದರೂ ಕೆಲವು ಮಾತುಗಳಲ್ಲಿ ಅವರು ನಿಂತೇಬಿಡುತ್ತಿದ್ದರು. "ಅವ್ವನ ಕಷ್ಟಕ್ಕೆ" ಎಂಬಲ್ಲಿ ಪ್ರತಿಸಲವೂ. ನೋಡಿದರೆ ಅಲ್ಲಿ ತೊಂದರೆ ಇದ್ದದ್ದು ಮೇಲೆ ಕೆಳಗಲ್ಲ, ಅಕ್ಕಪಕ್ಕದಲ್ಲಿ. ನಮ್ಮ ಮೊಳೆಯಲ್ಲಿ ಒತ್ತು ಬೇರೆಯದೇ ಒಂದು ಚೂರು. ಅಕ್ಷರದ ಬಲಕ್ಕೆ, ಕೆಳಗಿಳಿದಂತೆ ಕೂರುತ್ತದೆ. ಟ ಒತ್ತು ಮುಗಿಯುವ ಮೊದಲೇ ಮುಂದಿನ 'ಕ್ಕೆ' ಬಂದು ಅಂಟಿಕೊಂಡರೆ ಕಣ್ಣು ಮಂದವಾದವರಿಗೆ ಎರಡೂ ಸೇರಿ ಒಂದು ಗಂಟಾಗುತ್ತದೆ.

ಅಕ್ಷರಗಳ ನಡುವೆ ಇಡುವಷ್ಟು ತೆಳ್ಳಗಿನ ಸ್ಪೇಸು ನಮ್ಮಲ್ಲಿ ಹೆಚ್ಚಿರಲಿಲ್ಲ. ಲಗ್ನಪತ್ರಿಕೆ ಕತ್ತರಿಸಿ ಉಳಿದ ದಪ್ಪ ಕಾಗದವನ್ನು ಮೊಳೆಯ ಎತ್ತರಕ್ಕಿಂತ ಗಿಡ್ಡಕ್ಕೆ, ಶಾಯಿ ತಾಗದಂತೆ ಸಣ್ಣ ಸಣ್ಣ ಚೂರು ಮಾಡಿಕೊಂಡೆ. ಮೊದಲ ಸಲ ಎಲ್ಲ ಮೊಳೆಯ ನಡುವೆಯೂ ಒಂದೊಂದು ಚೂರು ಇಟ್ಟೆ. ಪ್ರೂಫ್ ಹಿಡಿದ ಅತ್ತೆ "ಅವ... ವನ" ಅಂದು ತಲೆ ಎತ್ತಿ ನನ್ನನ್ನು ನೋಡಿದರು.

"ಒತ್ತು ಬಿಟ್ಟೋಗೈತೆ ಕಣಮ್ಮ. ಮಗೀನ ತಾಯಿಯಿಂದ ಕಿತ್ತಂಗೆ."

ಅಂದ ಕೂಡಲೇ ಅವರ ಸೆರಗು ಬಾಯಿಗೆ ಹೋಯಿತು. ನಾನು ಪ್ರೂಫ್ ಮಡಚಿಕೊಂಡು ಎದ್ದುಬಂದೆ.

ಆಮೇಲೆ ಅಕ್ಷರಕ್ಕೂ ಅದರ ಒತ್ತಿಗೂ ನಡುವೆ ಏನೂ ಇಡಲಿಲ್ಲ. ಒತ್ತು ಮುಗಿದ ಮೇಲೆ, ಮುಂದಿನ ಅಕ್ಷರಕ್ಕೆ ಮೊದಲು ಮಾತ್ರ ಕಾಗದದ ಚೂರು. "ರಾತ್ರ್ಯಾದರೂ" ಎಂಬಂಥ ಎರಡು ಒತ್ತಿನ ಮಾತಿನಲ್ಲಿ ಎರಡನೆಯ ಒತ್ತಿನ ಬೆನ್ನಿಗೆ. ಒತ್ತಿಲ್ಲದ ಅಕ್ಷರಗಳ ನಡುವೆ ಇಡದೆ ಬಿಟ್ಟೆ. ಪದದೊಳಗೆ ಜಾಗ ಹೆಚ್ಚಾದಾಗ ಅದು ಎಲ್ಲಿ ಮುಗಿಯಿತೆಂದು ತಿಳಿಯದೆ ಹೋಗುತ್ತಿತ್ತು. ಅದಕ್ಕೇ ಪದಗಳ ನಡುವಿನ ಸ್ಪೇಸನ್ನೂ ಅಷ್ಟಿಷ್ಟು ಅಗಲ ಮಾಡಿದೆ.

ಜೋಡಿಸಿದ ಪುಟವನ್ನು ಯಜಮಾನರು ಚೌಕಟ್ಟಿಗೆ ಹಾಕಿ ಬಿಗಿದರು. ಕಾಗದ ಅಮುಕಿಕೊಳ್ಳುವುದರಿಂದ ಬಿಗಿ ಸರಿಯಾಗಿ ಕೂರಲಿಲ್ಲ. ಎತ್ತುವಾಗ ನಡುವಿನ ಮೂರು ಸಾಲು ಕಳಚಿ ನೆಲಕ್ಕೆ ಚೆಲ್ಲಿದವು. ಅವರು ಕೆಳಗೆ ಕೂತು ಒಂದೊಂದಾಗಿ ಆರಿಸಿದರು. ತಮ್ಮ ಸತ್ತಾಗ ಎಲ್ಲರ ಎದುರಿಗೂ ಗಟ್ಟಿಯಾಗಿದ್ದ ಮನುಷ್ಯ ಅಲ್ಲಿ ಮೊಳೆ ಆರಿಸುತ್ತಾ ಬಿಕ್ಕಿ ಬಿಕ್ಕಿ ಅತ್ತರು. ನಾನು ಬಾಗಿಲು ಮುಂದಕ್ಕೆಳೆದು ಅವರ ಪಕ್ಕ ಕೂತು ಆರಿಸತೊಡಗಿದೆ.

ಚೆಲ್ಲಿದ ಸಾಲುಗಳನ್ನು ಮತ್ತೆ ಜೋಡಿಸಿ, ಅಂಚಿಗೆ ಇನ್ನೊಂದು ಪಟ್ಟಿ ಕೊಟ್ಟು ಬಿಗಿದ ಮೇಲೆ ನಿಂತವು. ಆಮೇಲೆ ಇನ್ನೊಂದು ಅಡ್ಡಿ ಬಂತು. ಅವನ ಬರಹದಲ್ಲಿ ಸಾಲುಸಾಲಿಗೂ ಅವ್ವ, ಅವ್ವ. ವ ಒತ್ತಿನ ಖಾನೆ ಒಂದು ಪುಟಕ್ಕೇ ಬರಿದಾಯಿತು. ಹಾಗಾಗಿ ಒಂದು ಪುಟ ಜೋಡಿಸುವುದು, ಅಚ್ಚು ಹಾಕುವುದು, ಮೊಳೆಗಳನ್ನೆಲ್ಲ ಬಿಚ್ಚಿ ಖಾನೆಗೆ ಹಾಕಿ ಮುಂದಿನ ಪುಟ ಹಿಡಿಯುವುದು. ಮದುವೆಯ ಕಾಲವಾದ್ದರಿಂದ ಹೊರಗಿನ ಕೆಲಸವೂ ಇತ್ತು. ಎರಡು ಪುಟದ ಬರಹ ಹತ್ತು ಪುಟದಷ್ಟು ಹಿಗ್ಗಿತು. ಒಂದೊಂದು ಪುಟ ಆದ ಹಾಗೆ ಅತ್ತೆಗೆ ಕೊಡುತ್ತಿದ್ದೆ. ಮುಂದಿನದಕ್ಕೆ ಅವಸರ ಮಾಡುತ್ತಿರಲಿಲ್ಲ. ಕೈಯಲ್ಲಿರುವ ಪುಟವನ್ನೇ ಓದುತ್ತಿದ್ದರು. ಅವರ ದನಿಯಲ್ಲಿ ಆ ಓದು ಜಗಲಿಯಿಂದ ಅಡಿಗೆ ಮನೆಗೆ ಕೇಳುತ್ತಿತ್ತು. ತಡವರಿಕೆ ಇರಲಿಲ್ಲ.

ಕೊನೆಯ ಪುಟ ಕೊಟ್ಟ ದಿನ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಜ್ವರದ ಹುಡುಗ ಆಸ್ಪತ್ರೆಯ ಬೆಂಚಿನ ಮೇಲೆ ಕಣ್ಣು ಬಿಟ್ಟಾಗ ತಾಯಿಯ ಪಾದದಲ್ಲಿ ರಕ್ತ ಕಂಡದ್ದನ್ನು ಅವನು ಬರೆದಿದ್ದ. ಅತ್ತೆ ಓದಿ ಮುಗಿಸಿ ತಮ್ಮ ಪಾದ ನೋಡಿಕೊಂಡರು.

"ಮುಳ್ಳು ಚುಚ್ಚಿದ್ದು ನಿಜ. ಅವ್ನು ನೋಡಿದ್ದು ನಂಗೆ ಗೊತ್ತಿರ್ಲಿಲ್ಲ," ಅಂದರು. ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, "ಅವತ್ತು ಹೊತ್ಕಂಡೋಗಿ ಉಳಿಸ್ಕಂಡೆ. ಈ ಸಲ ನಂಗೆ ಗೊತ್ತಾಗ್ಲೇ ಇಲ್ವಲ್ಲ ಮಗಾ."

ನಾನು ಅವರ ಕೈ ಹಿಡಿದುಕೊಂಡು ಸಂಜೆಯವರೆಗೂ ಕೂತೆ.

ಮುಂದಿನ ಯುಗಾದಿಯವರೆಗೆ ಹೆಚ್ಚುಕಮ್ಮಿ ದಿನವೂ ಓದಿದರು. ಆಮೇಲೆ ಒಂದು ಮಧ್ಯಾಹ್ನ ನಾನು ಹೊರಗೆ ಬಂದಾಗ ಅವರು ಸರಾಗವಾಗಿ ಹೇಳುತ್ತಿದ್ದರು, ಹಾಳೆ ಮಾತ್ರ ತಲೆಕೆಳಗಾಗಿತ್ತು. ನಾನು ನಿಂತ ಸದ್ದಿಗೆ ಅವರಿಗೆ ತಿಳಿಯಿತು.

"ಕಾಣಾಕಿಲ್ಲ ಕಣಮ್ಮ. ಯುಗಾದಿಯಿಂದ್ಲೇ," ಅಂದರು, ಯಾರದೋ ವಿಷಯ ಹೇಳುವಂತೆ.

ಆ ಕೊನೆಯ ಪುಟದ ಮೊಳೆಗಳನ್ನು ನಾನು ಬಿಚ್ಚಿರಲಿಲ್ಲ. ದಾರ ಸುತ್ತಿ ತಟ್ಟೆಯಲ್ಲಿ ಹಾಗೇ ಇಟ್ಟಿದ್ದೆ. ವ ಒತ್ತು ಸಾಲದೆ ಬೇರೆ ಕೆಲಸಕ್ಕೆ ಅಡಚಣೆಯಾದರೂ ಯಜಮಾನರು ಅದನ್ನು ಮುಟ್ಟಲಿಲ್ಲ. ಇದನ್ನು ಅತ್ತೆಗೆ ಯಾರೋ ಹೇಳಿದರು. ನನ್ನ ತೋಳು ಹಿಡಿದು ಪ್ರೆಸ್ಸಿಗೆ ಬಂದರು. ತಟ್ಟೆಯ ಮೇಲೆ ಅಂಗೈ ಆಡಿಸಿದರು.

"ಎಲ್ಲೈತೆ ಅವ್ವ ಅನ್ನೋದು?"

ಅವರ ಬೆರಳನ್ನು ಅಲ್ಲಿಗೆ ಒಯ್ದು ಇಟ್ಟೆ. ಬಹಳ ಹೊತ್ತು ಸವರಿದರು. ತಣ್ಣನೆಯ ಸೀಸದ ಸಣ್ಣ ಸಣ್ಣ ಗೀರುಗಳು. ಅವರಿಗೆ ಏನೂ ಸಿಗಲಿಲ್ಲ.

"ಹೆಂಗೂ ಬಾಯಿಗೆ ಬಂದೈತಲ್ಲ. ಇದು ಯಾಕೆ ಇಂಗೆ ಬಿದ್ದಿರ್ಬೇಕು? ಬಿಚ್ಬುಡು."

ನಾನು ದಾರ ಬಿಚ್ಚಿದೆ. ಅತ್ತೆ ಸ್ಟೂಲಿನ ಮೇಲೆ ಕೂತರು. ಒಂದೊಂದು ಸಾಲನ್ನೂ ಕೈಗೆತ್ತಿಕೊಂಡು ಓದಿ ಹೇಳಿ, ಅಕ್ಷರವನ್ನು ಅದರ ಖಾನೆಗೂ ಒತ್ತನ್ನು ಅದರ ಖಾನೆಗೂ ಹಾಕುತ್ತಾ ಹೋದೆ. ಕಾಗದದ ಚೂರುಗಳು ನನ್ನ ಸೀರೆಯ ಮೇಲೆಲ್ಲ ಉದುರಿದವು. ಅವರು ನನಗಿಂತ ಒಂದು ಮಾತು ಮುಂದೆಯೇ ಹೇಳಿಕೊಳ್ಳುತ್ತಿದ್ದರು. ಪಾದದ ರಕ್ತದ ಸಾಲು ಬಂದಾಗ ಇಬ್ಬರೂ ಹೇಳಲಿಲ್ಲ. ಆ ಸಾಲನ್ನು ಸುಮ್ಮನೆ ಬಿಚ್ಚಿದೆ.